‘ಹೇಗೆ ಸಹಾಯ ಮಾಡಬಹುದು?’ ಎಂಬ ಅಕನ್ನಡ

ಬ್ಯಾಂಕಿಗೋ ವಿಮಾ ಕಂಪನಿಗೋ ದೂರವಾಣಿ ಕರೆ ಮಾಡಿ, ಕನ್ನಡಕ್ಕೆಂದು ಗೊತ್ತುಪಡಿಸಿದ ಅಂಕಿಯನ್ನು ಒತ್ತಿ, ಸಂಗೀತವನ್ನು ಸಹಿಸಿಕೊಂಡು ಕಾದವರಿಗೆ ಕೊನೆಗೆ ಕೇಳಿಸುವ ಮೊದಲ ಕನ್ನಡ ವಾಕ್ಯ ಇದು: ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಇದರ ಒಡಹುಟ್ಟಾದ ‘ನಾನು ನಿಮಗೆ ಸಹಾಯ ಮಾಡಬಹುದೇ?’ ಎಂಬುದು ಕಚೇರಿಗಳ ಮೇಜಿನ ಮೇಲೆ ಮರದ ಫಲಕವಾಗಿ ಕುಳಿತಿದೆ. ಈ ವಾಕ್ಯದ ಒಂದೊಂದು ಪದವೂ ಕನ್ನಡದ್ದೇ, ಅಥವಾ ಕನ್ನಡಕ್ಕೆ ಬಂದು ಶತಮಾನಗಳಾದ ಸಂಸ್ಕೃತದ್ದು. ಲಿಪಿ ಕನ್ನಡ, ವಿಭಕ್ತಿ ಕನ್ನಡ, ಕ್ರಿಯಾಪದದ ಅಂತ್ಯವೂ ಕನ್ನಡ. ಆದರೂ ವಾಕ್ಯ ಕನ್ನಡವಲ್ಲ. ‘ಹೌ ಮೇ ಐ ಹೆಲ್ಪ್ ಯೂ’ ಎಂಬ ಇಂಗ್ಲಿಷ್ ಉಪಚಾರದ ಮಾತನ್ನು ಪದಕ್ಕೆ ಪದವಿಟ್ಟು ಮುಚ್ಚಿದ ಹೊದಿಕೆ ಅದು.

ಕನ್ನಡದ ಶುದ್ಧಿಯ ಕುರಿತ ಹಳೆಯ ವಾದಗಳೆಲ್ಲ ಬಹುಮಟ್ಟಿಗೆ ಪದಗಳ ಸುತ್ತಲೇ ನಡೆದವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಅರಿಸಮಾಸವನ್ನು ದೋಷವೆಂದು ಎಣಿಸಿತು. 1112ರ ಧರ್ಮಾಮೃತದಲ್ಲಿ ನಯಸೇನನು ಸಂಸ್ಕೃತ ಕನ್ನಡಗಳ ಹದವಿಲ್ಲದ ಬೆರಕೆಯನ್ನು ತುಪ್ಪ ಎಣ್ಣೆಗಳ ಬೆರಕೆಗೆ ಹೋಲಿಸಿ ಹಳಿದನು. ಇಂದಿಗೂ ಭಾಷಾಭಿಮಾನಿಗಳ ಕಣ್ಣು ಬೀಳುವುದು ಪದಗಳ ಮೇಲೆಯೇ. ‘ಟಿಕೆಟ್’ ಎಂದರೆ ಹುಬ್ಬು ಗಂಟಿಕ್ಕುವವರು ‘ಹೇಗೆ ಸಹಾಯ ಮಾಡಬಹುದು’ ಎಂಬುದನ್ನು ಕೇಳಿ ಸಂತೋಷಪಡುತ್ತಾರೆ. ಅದರಲ್ಲಿ ಇಂಗ್ಲಿಷ್ ಪದವೊಂದೂ ಇಲ್ಲವಲ್ಲ! ಆದರೆ ‘ಟಿಕೆಟ್ ಎಲ್ಲಿಗೆ?’ ಎಂದು ಬಸ್ಸಿನ ಕಂಡಕ್ಟರು ಕೇಳುವ ಪ್ರಶ್ನೆ ಅಪ್ಪಟ ಕನ್ನಡ. ಪರಪದವೊಂದು ಬಂದು ಕನ್ನಡದ ವಾಕ್ಯದಲ್ಲಿ ಕೂರಬಹುದು, ಕನ್ನಡದ ಪದಗಳೇ ಸಾಲಾಗಿ ನಿಂತು ಪರಭಾಷೆಯ ವಾಕ್ಯವಾಗಬಹುದು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದಲೇ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಪ್ರಶ್ನೆಯೊಂದು ಭಾಷೆಗೆ ಸಹಜವೋ ಅಲ್ಲವೋ ಎಂದು ತಿಳಿಯಲು ಅದರ ಉತ್ತರವನ್ನು ನೋಡಿದರೆ ಸಾಕು. ಕನ್ನಡದಲ್ಲಿ ಉತ್ತರವು ಸಾಮಾನ್ಯವಾಗಿ ಪ್ರಶ್ನೆಯ ಚೌಕಟ್ಟಿನಲ್ಲಿಯೇ ಹುಟ್ಟುತ್ತದೆ. ಪ್ರಶ್ನಾಪದ ಇದ್ದ ಜಾಗದಲ್ಲಿ ಉತ್ತರದ ಪದ ಬಂದು ಕೂರುತ್ತದೆ, ಉಳಿದದ್ದು ಹಾಗೆಯೇ ನಿಲ್ಲುತ್ತದೆ. ‘ಯಾರು ಬೇಕಿತ್ತು?’ ಎಂದರೆ ‘ಮೇಷ್ಟರು ಬೇಕಿತ್ತು’. ‘ಏನು ಬೇಕಿತ್ತು?’ ಎಂದರೆ ‘ಪಹಣಿ ಬೇಕಿತ್ತು’. ‘ಏನು ಕೊಡಲಿ?’ ಎಂದರೆ ‘ಅರ್ಧ ಕೆ.ಜಿ. ತೊಗರಿಬೇಳೆ ಕೊಡಿ’. ಈಗ ‘ಹೇಗೆ ಸಹಾಯ ಮಾಡಬಹುದು?’ ಎಂಬುದಕ್ಕೆ ಇದೇ ಕ್ರಮದಲ್ಲಿ ಉತ್ತರ ಕಟ್ಟಿದರೆ ‘ಪಹಣಿಯನ್ನು ಕೊಡುವುದರ ಮೂಲಕ ಸಹಾಯ ಮಾಡಬಹುದು’ ಎನ್ನಬೇಕಾಗುತ್ತದೆ. ಕನ್ನಡ ನಾಡಿನಲ್ಲಿ ಹುಟ್ಟಿದ ಯಾರೂ ಈ ಮಾತನ್ನು ಆಡಿಲ್ಲ, ಆಡುವುದೂ ಇಲ್ಲ. ಪ್ರಶ್ನೆಯನ್ನು ಕೇಳಿಸಿಕೊಂಡವರು ಒಂದು ಕ್ಷಣ ಸುಮ್ಮನಿದ್ದು, ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ, ‘ನನಗೆ ಪಹಣಿ ಬೇಕಿತ್ತು’ ಎಂದು ಕೇಳದೆ ಉಳಿದ ಇನ್ನೊಂದು ಪ್ರಶ್ನೆಗೆ ಉತ್ತರಿಸುತ್ತಾರೆ. ಆ ಕೇಳದೆ ಉಳಿದ ಪ್ರಶ್ನೆಯೇ ಕನ್ನಡದ್ದು.

ತೊಡಕಿನ ಮೂಲ ‘ಹೇಗೆ’ ಎಂಬಲ್ಲಿದೆ. ಕನ್ನಡದ ‘ಹೇಗೆ’ ರೀತಿಯನ್ನು, ವಿಧಾನವನ್ನು ಕೇಳುತ್ತದೆ. ಇಂಗ್ಲಿಷಿನ ಆ ಉಪಚಾರದ ಮಾತಿನಲ್ಲಿ ‘ಹೌ’ ವಿಧಾನವನ್ನು ಕೇಳುತ್ತಿಲ್ಲ. ಯಾವ ವಿಷಯದಲ್ಲಿ ಎಂದು ಕೇಳುತ್ತಿದೆ. ಇಂಗ್ಲಿಷಿನಲ್ಲಿಯೇ ಇದೇ ಕೆಲಸಕ್ಕೆ ‘ವಾಟ್ ಕ್ಯಾನ್ ಐ ಡೂ ಫಾರ್ ಯೂ’ ಎಂಬ ಇನ್ನೊಂದು ರೂಪವಿದೆ, ಅಲ್ಲಿರುವುದು ‘ಏನು’. ಹಿಂದಿಯವರೂ ಇಂಗ್ಲಿಷನ್ನು ಅನುಸರಿಸಿ ‘ಮೈಂ ಆಪ್‌ಕೀ ಕ್ಯಾ ಸಹಾಯತಾ ಕರ್ ಸಕತಾ ಹ್ಞೂಂ’ ಎಂದು ಮಾಡಿಕೊಂಡರು. ಅದೂ ಎರವಲಿನದೇ. ಆದರೆ ಎರವಲು ತರುವಾಗ ಅವರು ‘ಹೇಗೆ’ ಎಂಬುದನ್ನು ಬಿಟ್ಟು ‘ಏನು’ ಎಂಬುದನ್ನು ಇಟ್ಟುಕೊಂಡರು, ಅಷ್ಟರ ಮಟ್ಟಿಗೆ ಕಿವಿಯನ್ನು ಕೇಳಿದರು. ಕನ್ನಡದ ಅನುವಾದಕರು ಅಷ್ಟೂ ಮಾಡಲಿಲ್ಲ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ‘ನಾನು’ ಎಂದು ಕರ್ತೃವನ್ನು ಎತ್ತಿ ಹೇಳಿ, ಅದರ ಮುಂದೆ ‘ಹೇಗೆ’ ಎಂದು ಸೇರಿಸಿದರೆ ಕನ್ನಡದಲ್ಲಿ ಅದು ಬಹಳ ಸಲ ಅಸಹಾಯಕತೆಯ ಮಾತು, ನಿರಾಕರಣೆಯ ಮಾತು. ಮದುವೆಗೆ ಕರೆದಾಗ ‘ನಾನು ಹೇಗೆ ಬರಲಿ?’ ಎಂದರೆ ಬರಲಾರೆ ಎಂದರ್ಥ. ಬಸ್ಸಿನಲ್ಲಿ ಬರಲೋ ರೈಲಿನಲ್ಲಿ ಬರಲೋ ಎಂಬ ವಿಚಾರ ಅಲ್ಲಿಲ್ಲ. ಕೈಸಾಲ ಕೇಳಲು ಬಂದ ನೆಂಟನಿಗೆ ‘ನಾನು ನಿನಗೆ ಹೇಗೆ ಸಹಾಯ ಮಾಡಲಿ, ಹೇಳು’ ಎಂದು ಒಬ್ಬ ಹೇಳಿದರೆ ನೆಂಟ ಎದ್ದು ಹೊರಡುತ್ತಾನೆ. ‘ಮಾಡಲಿ’ಯ ಜಾಗದಲ್ಲಿ ‘ಮಾಡಬಹುದು’ ಎಂದಿಟ್ಟ ಮಾತ್ರಕ್ಕೆ ಈ ಛಾಯೆ ಪೂರ್ತಿ ಹೋಗುವುದಿಲ್ಲ. ‘ಇಂಥ ವಿಷಯದಲ್ಲಿ ನಾನು ಹೇಗೆ ಸಹಾಯ ಮಾಡಬಹುದು?’ ಎಂದು ದನಿಯನ್ನು ತುಸು ಇಳಿಸಿ ಹೇಳಿದರೆ ಅದು ಕೈಚೆಲ್ಲುವ ಮಾತೇ. ಸ್ವಾಗತಿಸಲು ಆರಿಸಿಕೊಂಡ ವಾಕ್ಯ ಕನ್ನಡದಲ್ಲಿ ಸಾಗಹಾಕುವ ವಾಕ್ಯದ ಪಕ್ಕದಲ್ಲಿಯೇ ನಿಂತಿದೆ ಎಂಬುದನ್ನು ಇದನ್ನು ಅಂಗೀಕರಿಸಿದವರು ಗಮನಿಸಿದಂತೆ ಕಾಣುವುದಿಲ್ಲ.

‘ಬಹುದು’ ಎಂಬುದರ ಕಥೆಯೂ ಕೇಳತಕ್ಕದ್ದು. ಇದು ‘ಬರು’ ಎಂಬ ಧಾತುವಿನಿಂದ ಬಂದ ರೂಪ. ‘ನನಗೆ ಈಜಲು ಬರುತ್ತದೆ’ ಎಂಬಲ್ಲಿ ಆ ಹಳೆಯ ನಂಟು ಇನ್ನೂ ಉಸಿರಾಡುತ್ತಿದೆ. ಹೊಸಗನ್ನಡದಲ್ಲಿ ‘ಬಹುದು’ ಸಾಧ್ಯತೆಯನ್ನೂ ಅನುಮತಿಯನ್ನೂ ಹೇಳುತ್ತದೆ. ‘ನಾಳೆ ಮಳೆ ಬರಬಹುದು’ ಎಂಬುದು ಮೊದಲನೆಯದು, ‘ನೀವಿನ್ನು ಹೊರಡಬಹುದು’ ಎಂಬುದು ಎರಡನೆಯದು. ಇಂಗ್ಲಿಷಿನ ‘ಮೇ’ ಎಂಬುದಕ್ಕೆ ಇವೆರಡರ ಜೊತೆಗೆ ವಿನಯದ ಮೂರನೆಯ ಕೆಲಸವೂ ಉಂಟು. ಕನ್ನಡದಲ್ಲಿ ಆ ಮೂರನೆಯ ಕೆಲಸವನ್ನು ತಾನು ಮಾಡುವ ಕ್ರಿಯೆಯ ಕುರಿತು ನಿರ್ವಹಿಸುವುದು ‘ಅಲಿ’ ಪ್ರತ್ಯಯ: ‘ಕಾಫಿ ತರಲೇ?’, ‘ಯಾವ ಬಣ್ಣದ್ದು ತೋರಿಸಲಿ?’, ‘ಏನು ಮಾಡಿಕೊಡಲಿ?’. ಎದುರಿನವರ ಇಚ್ಛೆಯನ್ನು ಕಾಯುತ್ತ ನಿಂತವರ ಭಾವ ಈ ರೂಪದಲ್ಲಿ ತಾನಾಗಿಯೇ ಇದೆ. ‘ಕಾಫಿ ತರಬಹುದೇ?’ ಎಂದು ಮನೆಗೆ ಬಂದವರನ್ನು ಕೇಳಿದರೆ, ಕಾಫಿಯನ್ನು ನಿಷೇಧಿಸಿದ ಮನೆಯೇನೋ ಎಂದು ಅತಿಥಿ ಸಂಶಯಪಟ್ಟಾನು.

ಹಾಗಾದರೆ ಕನ್ನಡ ಇದನ್ನು ಹೇಗೆ ಹೇಳುತ್ತದೆ? ಹೇಳಿಕೊಂಡೇ ಬಂದಿದೆ. ‘ಏನಾಗಬೇಕಿತ್ತು?’ ಎಂಬುದು ನಡುವಿನ ರೂಪ. ಧಾರವಾಡದ ಕಡೆ ‘ಏನಾಗಬೇಕಾಗಿತ್ರಿ?’ ಎಂದೂ ಕರಾವಳಿಯಲ್ಲಿ ‘ಎಂತ ಆಗಬೇಕಿತ್ತು?’ ಎಂದೂ ಮೈಸೂರು ಸೀಮೆಯಲ್ಲಿ ‘ಏನಾಗ್ಬೇಕಿತ್ತು ಸ್ವಾಮಿ?’ ಎಂದೂ ಕೇಳಿಬರುವುದು ಇದೇ. ಹಳಗನ್ನಡದ ‘ಬೇೞ್ಕುಂ’ ಸವೆದು ಆದ ‘ಬೇಕು’ ಇದರ ಬೆನ್ನೆಲುಬು. ಬೇಕೆಂಬ ಕ್ರಿಯೆಗೆ ಬೇಕಾದವರು ಚತುರ್ಥಿಯಲ್ಲಿ ಬರುತ್ತಾರೆ: ‘ನಿಮಗೆ’. ಆ ‘ನಿಮಗೆ’ ಎಂಬುದನ್ನೂ ಬಿಡಬಹುದು, ಯಾರಿಗೆಂಬುದು ಎದುರಿಗೇ ನಿಂತಿದೆ. ಕೇಳುವವರ ‘ನಾನು’ ಎಂಬುದಕ್ಕೆ ಈ ವಾಕ್ಯದಲ್ಲಿ ಜಾಗವೇ ಇಲ್ಲ. ಆಗಬೇಕಾದ ಕೆಲಸವೊಂದು ಉಂಟು, ಅದು ಏನು ಎಂದಷ್ಟೇ ಪ್ರಶ್ನೆ. ವಿನಯವೆಂದರೆ ಇಂಗ್ಲಿಷಿನಲ್ಲಿ ‘ನಾನು’ ಮುಂದೆ ಬಂದು ಅನುಮತಿ ಕೇಳುವುದು. ಕನ್ನಡದಲ್ಲಿ ‘ನಾನು’ ಹಿಂದೆ ಸರಿಯುವುದು.

ಇನ್ನು ‘ಇತ್ತು’ ಎಂಬ ಭೂತಕಾಲ. ‘ಏನು ಬೇಕು?’ ಎಂಬುದು ಒರಟು, ಕಚೇರಿಯ ಗೌರವಕ್ಕೆ ತಕ್ಕುದಲ್ಲ ಎಂದು ಅನುವಾದಕರು ಆಕ್ಷೇಪಿಸುವುದುಂಟು. ಆಕ್ಷೇಪ ಸರಿ, ತೀರ್ಮಾನ ತಪ್ಪು. ‘ಏನು ಬೇಕು?’ ಎಂದು ಮುಖ ನೋಡದೆ ಎಸೆದ ಪ್ರಶ್ನೆ ನಿಜಕ್ಕೂ ಒರಟು. ಅದನ್ನು ನಯಗೊಳಿಸಲೆಂದೇ ಕನ್ನಡ ಭೂತಕಾಲವನ್ನು ತಂದಿದೆ. ‘ಏನು ಬೇಕಿತ್ತು?’ ಎಂದಾಗ ಬೇಡಿಕೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಈಗಲೇ ಹೇಳು ಎಂಬ ಒತ್ತಡ ಅಳಿಯುತ್ತದೆ. ಬಂದವರೂ ‘ನನಗೊಂದು ಅರ್ಜಿ ಬೇಕಿತ್ತು’ ಎಂದು ಅದೇ ಕಾಲದಲ್ಲಿ ಉತ್ತರಿಸುತ್ತಾರೆ, ಅವರಿಗೆ ಅರ್ಜಿ ಬೇಕಾಗಿರುವುದು ಈಗಲೇ ಆದರೂ. ಇದರ ಮೇಲೆ ಒಂದು ‘ಬನ್ನಿ’, ಒಂದು ‘ಹೇಳಿ’ ಸೇರಿತೆಂದರೆ ಮರ್ಯಾದೆಗೆ ಕೊರತೆಯೇನೂ ಇಲ್ಲ. ಇನ್ನೂ ಮೇಲಿನ ಸ್ತರ ಬೇಕೆಂದರೆ ‘ನಮ್ಮಿಂದ ಏನಾಗಬೇಕಿತ್ತು?’ ಎಂಬುದಿದೆ, ಇಂದು ಹಳತೆನಿಸುವ ‘ಏನಪ್ಪಣೆ?’ ಇದೆ. ಹಳಗನ್ನಡ ಕಾವ್ಯಗಳ ಓಲಗದಲ್ಲಿ ಆಳು ಒಡೆಯನಿಂದ ಬಯಸುವುದು ‘ಬೆಸನ’ವನ್ನು, ಅಪ್ಪಣೆಯನ್ನು. ತಾನು ಸಹಾಯ ಮಾಡುವೆನೆಂಬ ಮಾತು ಅವನ ಬಾಯಲ್ಲಿ ಉದ್ಧಟತನವಾದೀತು.

ಅದೇ ಉದ್ಧಟತನ ಇಂದಿನ ಸರ್ಕಾರಿ ಕಿಟಕಿಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಗಂಡ ತೀರಿಕೊಂಡು ವರ್ಷವಾದ ಹೆಂಗಸೊಬ್ಬಳು ನಾಡಕಚೇರಿಗೆ ಬಂದಿದ್ದಾಳೆ. ಎರಡು ಎಕರೆ ಜಮೀನು ಇನ್ನೂ ಗಂಡನ ಹೆಸರಿನಲ್ಲಿದೆ. ಅದರ ಮೇಲೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಹಿಂದಕ್ಕೆ ಕಳುಹಿಸಿದ್ದಾರೆ. ತನಗೆ ಆಗಬೇಕಾದ ಕೆಲಸದ ಹೆಸರು ಪೌತಿ ಖಾತೆ ಎಂಬುದು ಅವಳಿಗೆ ತಿಳಿಯದು. ಕಿಟಕಿಯ ಹಿಂದಿನವರು ‘ಏನಾಗಬೇಕಿತ್ತಮ್ಮ?’ ಎಂದು ಕೇಳಿದರೆ ಅವಳ ಬಾಯಿಂದ ವಿಷಯ ತಾನಾಗಿಯೇ ಹೊರಡುತ್ತದೆ: ‘ನಮ್ಮ ಯಜಮಾನರು ಹೋಗಿಬಿಟ್ಟರು, ಹೊಲ ಅವರ ಹೆಸರಿನಲ್ಲೇ ಐತೆ, ನನ್ನ ಹೆಸರಿಗೆ ಆಗಬೇಕಿತ್ತು.’ ಪ್ರಶ್ನೆಯಲ್ಲಿದ್ದ ‘ಆಗಬೇಕಿತ್ತು’ ಉತ್ತರದಲ್ಲಿ ಮರಳಿ ಬಂದಿದೆ. ಅದಕ್ಕೆ ಪೌತಿ ಖಾತೆ ಎಂಬ ಹೆಸರನ್ನು ಕೊಡುವುದು, ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಇವೆಯೇ ಎಂದು ಕೇಳುವುದು ಕಚೇರಿಯವರ ಕೆಲಸ. ಆ ಜ್ಞಾನಕ್ಕಾಗಿಯೇ ಅವರು ಅಲ್ಲಿ ಕುಳಿತಿರುವುದು. ಅದೇ ಹೆಂಗಸಿಗೆ ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎಂಬ ಪ್ರಶ್ನೆ ಎದುರಾಗಲಿ. ಹೇಗೆ ಎಂಬುದನ್ನು ಅವಳು ಹೇಳಬೇಕು! ಹೇಗೆಂದು ತಿಳಿಯದೆಯೇ ಅವಳು ಬಂದದ್ದು. ವಿಧಾನವನ್ನು ಹುಡುಕುವ ಭಾರವನ್ನು ಕಚೇರಿಯಿಂದ ಎತ್ತಿ ಅವಳ ತಲೆಯ ಮೇಲೆ ಇಟ್ಟಂತಾಯಿತು. ಮುಖಾಮುಖಿ ನಿಂತಿದ್ದರೆ ಕೈಯಲ್ಲಿರುವ ಕಾಗದವನ್ನು ಮುಂದೆ ಚಾಚಿ ಹೇಗೋ ಪಾರಾಗುತ್ತಾಳೆ. ದೂರವಾಣಿಯಲ್ಲಿ ಆ ದಾರಿಯೂ ಇಲ್ಲ; ಮೌನವಾದರೆ ಆ ತುದಿಯಿಂದ ಅದೇ ವಾಕ್ಯ ಇನ್ನೊಮ್ಮೆ ಕೇಳಿಸುತ್ತದೆ.

‘ಸಹಾಯ’ ಎಂಬ ಪದವೂ ಇಲ್ಲಿ ಅಡ್ಡದಾರಿ ಹಿಡಿಸುತ್ತದೆ. ಸಂಸ್ಕೃತದಲ್ಲಿ ಅದು ಜೊತೆಗೆ ಬರುವವನು, ಸಂಗಾತಿ. ಕನ್ನಡದ ಬಳಕೆಯಲ್ಲಿ ಕಷ್ಟದಲ್ಲಿರುವವರಿಗೆ ಕೊಡುವ ಆಸರೆ. ಮಾಡದಿದ್ದರೂ ನಡೆಯುವುದು, ಮಾಡಿದರೆ ಉಪಕಾರವೆನಿಸುವುದು ಸಹಾಯ. ನಾಡಕಚೇರಿಯಲ್ಲಿ ಪ್ರಮಾಣಪತ್ರ ಕೊಡುವುದು ಈ ಅರ್ಥದಲ್ಲಿ ಸಹಾಯವಲ್ಲ. ‘ಸಕಾಲ’ ಎಂದು ಹೆಸರಾದ, ಸೇವೆಗಳ ಖಾತರಿಯ 2011ರ ಕರ್ನಾಟಕದ ಕಾನೂನು ಅಂಥ ಸೇವೆಗಳಿಗೆ ಗಡುವು ವಿಧಿಸಿದೆ; ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕನ್ನು ಅರ್ಜಿದಾರರಿಗೆ ಕೊಟ್ಟಿದೆ. ವಿಳಂಬವಾದರೆ ದಂಡ ತೆರಬೇಕಾದ ಕೆಲಸವನ್ನು ಸಹಾಯವೆಂದು ಕರೆಯುವುದು ಭಾಷೆಯ ತಪ್ಪಷ್ಟೇ ಅಲ್ಲ, ಸಂಗತಿಯ ತಪ್ಪೂ ಹೌದು. ಬ್ಯಾಂಕಿನಲ್ಲಿ ತನ್ನದೇ ಹಣವನ್ನು ಪಡೆಯಲು ಬಂದವರಿಗೂ ಈ ಮಾತು ಸಲ್ಲುತ್ತದೆ.

ಸಹಾಯವೆಂಬ ಪದ ಸರಿಯಾಗಿ ಕೂರುವ ಎಡೆಗಳೂ ಇವೆ ಎಂಬುದನ್ನು ಒಪ್ಪಬೇಕು. ನೆರೆ ಬಂದ ಊರಿನಿಂದ ಕರೆ ಮಾಡಿದವರಿಗೆ ಬೇಕಾಗಿರುವುದು ಸಹಾಯವೇ. ಆದರೆ ಅಲ್ಲಿಯೂ ಯಾರೂ ‘ಹೇಗೆ ಸಹಾಯ ಮಾಡಬಹುದು’ ಎಂದು ಆರಂಭಿಸಬಾರದು. ‘ಏನಾಯಿತು? ಎಲ್ಲಿದ್ದೀರಿ?’ ಎಂಬ ಎರಡು ಪ್ರಶ್ನೆಗಳಷ್ಟು ವೇಗವಾಗಿ ಬೇರಾವುದೂ ಕೆಲಸ ಮಾಡುವುದಿಲ್ಲ.

ಇಷ್ಟು ಸಹಜ ರೂಪಗಳಿರುವಾಗ ಈ ಅಸಹಜ ವಾಕ್ಯ ನೆಲೆಯೂರಿದ್ದು ಏಕೆ? ಅನುವಾದಕರ ಅಜ್ಞಾನವೊಂದೇ ಕಾರಣವೆಂದರೆ ಅನ್ಯಾಯ. ತಂತ್ರಾಂಶ ಕಂಪನಿಗಳ ಅನುವಾದದಲ್ಲಿ ವಾಕ್ಯಗಳು ಸಂದರ್ಭ ಕಳಚಿದ ತುಣುಕುಗಳಾಗಿ ಬರುತ್ತವೆ. ಈ ತುಣುಕನ್ನು ಹೇಳುವವರು ಯಾರು, ಕೇಳುವವರು ಯಾರು, ಇದು ಫಲಕವೋ ಧ್ವನಿಯೋ ಪರದೆಯೋ ಎಂಬುದು ಅನುವಾದಕರಿಗೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಸಂಭಾವನೆ ಪದದ ಲೆಕ್ಕದಲ್ಲಿ. ಅನುವಾದವನ್ನು ಪರಿಶೀಲಿಸುವವರು ಮೂಲದ ಒಂದೊಂದು ಪದಕ್ಕೂ ಕನ್ನಡದಲ್ಲಿ ಪ್ರತಿಪದವಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ, ‘ಏನಾಗಬೇಕಿತ್ತು?’ ಎಂದು ಬರೆದರೆ ‘ಹೌ’ ಎಲ್ಲಿ ಹೋಯಿತು, ‘ಹೆಲ್ಪ್’ ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಸುರಕ್ಷಿತವಾದದ್ದು ಪದಕ್ಕೆ ಪದ. ಒಮ್ಮೆ ಒಪ್ಪಿಗೆಯಾದ ಅನುವಾದ ಟ್ರಾನ್ಸ್‌ಲೇಶನ್ ಮೆಮೊರಿ ಎಂಬ ಉಗ್ರಾಣವನ್ನು ಸೇರುತ್ತದೆ. ಮುಂದೆ ಅದೇ ಇಂಗ್ಲಿಷ್ ವಾಕ್ಯ ಎಲ್ಲಿ ಬಂದರೂ ಅದೇ ಕನ್ನಡ ತಾನಾಗಿ ಬಂದು ಕೂರುತ್ತದೆ. ಹೀಗೆ ಒಬ್ಬರ ಅವಸರದ ಆಯ್ಕೆ ನೂರು ಪರದೆಗಳ ಕನ್ನಡವಾಗುತ್ತದೆ, ಪರದೆಯಿಂದ ತರಬೇತಿಯ ಪಾಠಕ್ಕೆ, ಪಾಠದಿಂದ ಸಿಬ್ಬಂದಿಯ ನಾಲಿಗೆಗೆ ಇಳಿಯುತ್ತದೆ. ಬೆಳಗ್ಗೆ ಮನೆಯಲ್ಲಿ ಹಾಲಿನವನನ್ನು ಸಹಜ ಕನ್ನಡದಲ್ಲಿ ಮಾತನಾಡಿಸಿದ ತರುಣಿಯೇ ಹತ್ತು ಗಂಟೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಈ ವಾಕ್ಯವನ್ನು ಒಪ್ಪಿಸುತ್ತಾಳೆ. ಅವಳಿಗೆ ಕನ್ನಡ ಬರುವುದಿಲ್ಲವೆಂದಲ್ಲ. ಬರುವ ಕನ್ನಡವನ್ನು ಬಳಸಲು ಅವಳಿಗೆ ಅನುಮತಿ ಇಲ್ಲ.

ಭಾಷೆ ಬದಲಾಗುತ್ತದೆ, ಇದೂ ಒಂದು ಬದಲಾವಣೆ ಎಂಬ ವಾದಕ್ಕೂ ಉತ್ತರ ಕೊಡಬೇಕು. ‘ಬೆಳಕು ಚೆಲ್ಲು’ ಎಂಬ ನುಡಿಗಟ್ಟು ಇಂಗ್ಲಿಷಿನಿಂದ ಬಂದು ಸಂಶೋಧನ ಲೇಖನಗಳಲ್ಲಿ ಮನೆಮಾಡಿಕೊಂಡಿದೆ. ಈಗ ಅದನ್ನು ಹೊರಗಟ್ಟಬೇಕೆಂದು ಯಾರೂ ಹೇಳುವುದಿಲ್ಲ. ‘ಹೇಗೆ ಸಹಾಯ ಮಾಡಬಹುದು’ ಎಂಬುದೂ ನಗರದ ಕಿವಿಗಳಿಗೆ ಆಗಲೇ ಒಗ್ಗಿದೆ, ಇನ್ನು ಇಪ್ಪತ್ತು ವರ್ಷಗಳಲ್ಲಿ ಅದು ಸಹಜವೆನಿಸಿದರೂ ಆಶ್ಚರ್ಯವಿಲ್ಲ. ಆದರೆ ‘ಬೆಳಕು ಚೆಲ್ಲು’ ಎಂಬುದು ಕನ್ನಡದಲ್ಲಿದ್ದ ಯಾವ ಮಾತನ್ನೂ ಎಬ್ಬಿಸಿ ಅದರ ಜಾಗದಲ್ಲಿ ಕೂರಲಿಲ್ಲ. ಇಲ್ಲಿ ಅಂಗಡಿ, ಹೊಸ್ತಿಲು, ಬಸ್ಸು, ಕಚೇರಿ, ಒಂದೊಂದಕ್ಕೂ ಒಂದೊಂದು ಮಾತಿತ್ತು. ಬಟ್ಟೆಯಂಗಡಿಯಲ್ಲಿ ‘ಏನು ತೋರಿಸಲಿ?’, ದಿನಸಿಯಂಗಡಿಯಲ್ಲಿ ‘ಏನು ಕೊಡಲಿ?’, ಬಾಗಿಲು ತಟ್ಟಿದವರಿಗೆ ‘ಯಾರು ಬೇಕಿತ್ತು?’, ಬಸ್ಸಿನಲ್ಲಿ ‘ಎಲ್ಲಿಗೆ?’. ಇವೆಲ್ಲವನ್ನೂ ಒಂದೇ ವಾಕ್ಯದಿಂದ ಒರೆಸಿ ಹಾಕುವುದನ್ನು ಬೆಳವಣಿಗೆಯೆಂದು ಕರೆಯಲಾಗದು.

ಮೇಜಿನ ಮೇಲಿನ ಫಲಕಕ್ಕೆ ಬಂದರೆ ತಮಾಷೆ ಇನ್ನೂ ಹೆಚ್ಚು. ‘ನಾನು ನಿಮಗೆ ಸಹಾಯ ಮಾಡಬಹುದೇ?’ ಎಂದು ಕೇಳುತ್ತಿರುವ ‘ನಾನು’ ಯಾರು? ಕುರ್ಚಿ ಖಾಲಿಯಿರುವ ಹೊತ್ತಿನಲ್ಲಿ ಆ ಹಲಗೆಯೇ. ಕನ್ನಡದ ಫಲಕಗಳು ಉತ್ತಮ ಪುರುಷದಲ್ಲಿ ಮಾತನಾಡುವುದಿಲ್ಲ. ‘ಇಲ್ಲಿ ವಿಚಾರಿಸಿ’ ಎಂದರೆ ಮುಗಿಯಿತು. ‘ವಿಚಾರಣೆ’ ಎಂದು ಬರೆಯುವ ಇನ್ನೊಂದು ರೂಢಿಯಿದೆ, ರೈಲು ನಿಲ್ದಾಣದಲ್ಲಿ ಅದು ನಡೆದೀತು. ಪೊಲೀಸ್ ಠಾಣೆಯ ಬಾಗಿಲಲ್ಲಿ ಅದನ್ನು ಕಂಡವರು ಒಳಗೆ ಹೋಗಲು ತುಸು ಹಿಂಜರಿದರೆ ತಪ್ಪು ಅವರದಲ್ಲ.

ಆರಂಭದ ವಾಕ್ಯದಂತೆಯೇ ಕರೆಯ ಮುಕ್ತಾಯಕ್ಕೂ ಒಂದು ಅನುವಾದ ಸಿದ್ಧವಾಗಿದೆ: ‘ನಾನು ನಿಮಗೆ ಸಹಾಯ ಮಾಡಬಹುದಾದ ಬೇರೆ ಏನಾದರೂ ಇದೆಯೇ?’ ‘ಮಾಡಬಹುದಾದ’ ಎಂಬ ಕೃದಂತ ಯಾವ ನಾಮಪದಕ್ಕೆ ಅಂಟಬೇಕೆಂದು ತಿಳಿಯದೆ ಕೊರಳು ಚಾಚಿ ನಿಂತಿದೆ. ‘ಇನ್ನೇನಾದರೂ ಇತ್ತೇ?’ ಎಂಬ ಎರಡು ಪದಗಳಲ್ಲಿ ಮುಗಿಯುವ ಮಾತಿದು. ಅಷ್ಟರೊಳಗೆ ಆ ಕಡೆಯವರು ‘ಇಲ್ಲ, ಇಡಲೇ?’ ಎಂದು ಕೇಳಿಯೂ ಆಗಿರುತ್ತದೆ, ಯಾರೂ ಕಲಿಸದೆಯೇ ‘ಅಲಿ’ ಪ್ರತ್ಯಯವನ್ನು ಬಳಸಿ.